ಯಾರೂ ಓದದ ಅಸೈನ್‌ಮೆಂಟ್

ತಾನೇ ಕೂತು ಬರೆದ ಒಬ್ಬಳಿಗೆ ಸೊನ್ನೆ ಅಂಕ ಬಿತ್ತು. ಮೊಬೈಲ್‌ನಿಂದ ಬರೆಸಿಕೊಂಡು ಅದನ್ನು ಕೈಯಲ್ಲಿ ನಕಲು ಮಾಡಿದ ಹದಿಮೂರು ಮಂದಿ ತೇರ್ಗಡೆಯಾದರು. ಆ ಸೊನ್ನೆಯನ್ನು ನಿರ್ಧರಿಸಿದ ಸಭೆಯ ನಡಾವಳಿಯನ್ನು ಬರೆದವಳು ನಾನು. ಅದರ ಕೆಳಗಿನ ಮೂರು ಸಹಿಗಳಲ್ಲಿ ಒಂದು ನನ್ನದು. ಇದನ್ನು ಮೊದಲು ಹೇಳದೆ ಉಳಿದದ್ದನ್ನು ಹೇಳಲು ನನಗೆ ಅರ್ಹತೆಯಿಲ್ಲ.

ನಾನು ಕೊಪ್ಪಳದ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಐದನೆಯ ಸೆಮಿಸ್ಟರಿನ ತರಗತಿಗೆ ಆಂತರಿಕ ಅಂಕಗಳಿಗಾಗಿ ಒಂದು ಅಸೈನ್‌ಮೆಂಟ್ ಕೊಡಬೇಕಿತ್ತು. ಪುಸ್ತಕದಿಂದ ಇಳಿಸಿಕೊಳ್ಳಲು ಬಾರದ ವಿಷಯವೊಂದನ್ನು ಕೊಡಬೇಕೆಂದು ನಿರ್ಧರಿಸಿ, 'ನಮ್ಮ ಮನೆಯ ದುಡಿಮೆಯ ಒಂದು ದಿನ' ಎಂದು ಬೋರ್ಡಿನ ಮೇಲೆ ಬರೆದೆ. ಮನೆಯಲ್ಲಿ ದುಡಿಯುವ ಒಬ್ಬರ ಜೊತೆ ಒಂದು ದಿನ ಇರಬೇಕು, ಅವರನ್ನು ಮಾತನಾಡಿಸಬೇಕು, ಕಂಡದ್ದನ್ನು ಎಂಟು ಪುಟಗಳಲ್ಲಿ ಕೈಬರಹದಲ್ಲಿ ಬರೆಯಬೇಕು. ಅವಧಿ ಎರಡು ವಾರ. ಕೈಬರಹ ಕಡ್ಡಾಯ ಮಾಡಿದರೆ ಮೊಬೈಲಿನ ಹಾವಳಿ ತಪ್ಪುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಈ ನಂಬಿಕೆ ಎಷ್ಟು ಪೊಳ್ಳು ಎಂಬುದು ಮೊದಲ ಕಟ್ಟನ್ನು ಬಿಚ್ಚಿದಾಗಲೇ ತಿಳಿಯಿತು.

ಒಂದು ಪತ್ರಿಕೆಯಲ್ಲಿ ಪ್ರತಿ ಉಪಶೀರ್ಷಿಕೆಯ ಹಿಂದೆ ಮುಂದೆ ಎರಡೆರಡು ನಕ್ಷತ್ರ ಚಿಹ್ನೆಗಳಿದ್ದವು, ನೀಲಿ ಪೆನ್ನಿನಲ್ಲಿ ಶ್ರದ್ಧೆಯಿಂದ ಬಿಡಿಸಿದ್ದವು. ಅಕ್ಷರಗಳನ್ನು ದಪ್ಪಗೆ ತೋರಿಸಲು, ಕೇಳಿದ್ದನ್ನು ಬರೆದುಕೊಡುವ ಎಐ ಯಂತ್ರ ತನಗಾಗಿ ಹಾಕಿಕೊಳ್ಳುವ ಗುರುತು ಅದು. ಪರದೆಯ ಮೇಲೆ ಹಾಗೆಯೇ ಉಳಿದುಬಂದಿದೆ, ವಿದ್ಯಾರ್ಥಿ ಅದನ್ನೂ ನಕಲು ಮಾಡಿದ್ದಾನೆ. ಇನ್ನೊಂದು ಪತ್ರಿಕೆ 'ಖಂಡಿತ, ನಿಮ್ಮ ಕೋರಿಕೆಯಂತೆ ಪ್ರಬಂಧ ಇಲ್ಲಿದೆ' ಎಂಬ ಸಾಲಿನಿಂದ ಆರಂಭವಾಗಿತ್ತು. ಭೂಮಿಯೇ ಇಲ್ಲದ ಮನೆಗಳ ತಂದೆಯರು ಮುಂಜಾನೆ ಎದ್ದು ಎತ್ತು ಹೂಡುತ್ತಿದ್ದರು. ತಾಯಂದಿರೆಲ್ಲ ಗೃಹಿಣಿಯರಾಗಿದ್ದರು, ಮನೆಯ ಬೆನ್ನೆಲುಬಾಗಿದ್ದರು, ತ್ಯಾಗಮಯಿಗಳಾಗಿದ್ದರು. ಎಲ್ಲ ಪ್ರಬಂಧಗಳೂ 'ಒಟ್ಟಾರೆಯಾಗಿ ಹೇಳುವುದಾದರೆ' ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದವು.

ಕುಷ್ಟಗಿ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿಯನ್ನು ಕರೆದು, ನಿಮ್ಮವ್ವ ಏನು ಮಾಡುತ್ತಾರೆ ಎಂದು ಕೇಳಿದೆ.

"ಸಾಲ್ಯಾಗ ಬಿಸಿಯೂಟದ ಅಡಿಗಿ ಮಾಡ್ತಾಳ್ರಿ."

"ಇಲ್ಲಿ ಗೃಹಿಣಿ ಅಂತ ಐತಲ್ಲ?"

"ಅದು ಹಂಗ ಬಂದಿತ್ರಿ."

"ಓದಿ ನೋಡಲಿಲ್ಲೇನು?"

"ಬರದ್ನಿರಿ ಮೇಡಂ. ಓದ್ಲಿಲ್ಲ."

ಇನ್ನೂರು ಮಕ್ಕಳಿಗೆ ಅನ್ನ ಬೇಯಿಸುವ ತಾಯಿಯ ಮಗ, ತನ್ನ ಕೈಯಾರೆ, ಅವಳು ಏನೂ ಮಾಡುವುದಿಲ್ಲ ಎಂದು ಎಂಟು ಪುಟ ಬರೆದಿದ್ದ. ಇದು ನಕಲಿಗಿಂತ ದೊಡ್ಡ ತಪ್ಪು ಎಂದು ನಾನು ಅವನಿಗೆ ಹೇಳಿದೆ. ಬೇರೆಯವರ ಉತ್ತರವನ್ನು ಕದ್ದರೆ ಮೇಷ್ಟರಿಗೆ ಮೋಸ. ನಿನ್ನ ಮನೆಯ ಮಾತನ್ನು ನಿನ್ನ ಮನೆಯನ್ನೇ ಕಾಣದ ಒಂದಕ್ಕೆ ಬಿಟ್ಟುಕೊಟ್ಟರೆ ಅದು ನಿನಗೆ ನೀನೇ ಮಾಡಿಕೊಂಡ ಅವಮಾನ ಎಂದೆ. ಅವನು ತಲೆ ತಗ್ಗಿಸಲಿಲ್ಲ.

"ಖರೇ ಹೇಳ್ಲೇನ್ರಿ? ಹೋದ ಸೆಮ್‌ನಾಗ ನಾನ ಬರದಿದ್ನಿರಿ, ಐದ ಹಾಳಿ. ಹನ್ನೊಂದ ಕೊಟ್ರಿ. ನಮ್ಮ ದೋಸ್ತ ಗೂಗಲ್ ನೋಡಿ ಹದಿನೈದ ಹಾಳಿ ತುಂಬಿಸಿದ್ದ. ಹದಿನೆಂಟ ಕೊಟ್ರಿ. ನೀವು ಹಾಳಿ ಎಣಸ್ತೀರಂತ ಎಲ್ಲಾರಿಗೂ ಗೊತ್ತೈತ್ರಿ."

ಅವನು ಹೇಳಿದ್ದು ನಿಜ. ನಾಲ್ಕು ತರಗತಿಗಳ ಕಟ್ಟುಗಳು ಒಂದೇ ವಾರದಲ್ಲಿ ಮುಗಿಯಬೇಕಾದಾಗ ನಾನು ಮೊದಲ ಪುಟ ಮತ್ತು ಕೊನೆಯ ಪುಟ ನೋಡಿ ಅಂಕ ಹಾಕಿದ್ದೇನೆ. ಓದದೆ ಅಂಕ ಹಾಕುವವರು ಓದದೆ ಬರೆಯುವವರನ್ನು ತಯಾರಿಸಿದ್ದೇವೆ. ಇದು ನಮ್ಮ ಮೊದಲ ಅಪ್ರಾಮಾಣಿಕತೆ, ಮೊಬೈಲು ಬರುವುದಕ್ಕಿಂತ ಹಿಂದಿನದು.

ಆದರೂ ನಾನು ಅವನ ಮಾತನ್ನು ನನ್ನಲ್ಲೇ ಇಟ್ಟುಕೊಂಡು, ವಿದ್ಯಾರ್ಥಿಗಳ ತಪ್ಪನ್ನು ಮಾತ್ರ ವಿಭಾಗದ ಮುಖ್ಯಸ್ಥರಿಗೆ ವರದಿ ಮಾಡಿದೆ. ಅದು ಎರಡನೆಯದು.

ಯಲಬುರ್ಗಾದವರಾದ ಮುಖ್ಯಸ್ಥರು ಮೂವರ ಸಮಿತಿ ರಚಿಸಿದರು: ಅವರು, ಗಂಗಾವತಿಯಿಂದ ಬರುವ ಕಂಪ್ಯೂಟರ್ ಉಪನ್ಯಾಸಕರು ಮತ್ತು ನಾನು. ನಲವತ್ತೆರಡು ಪತ್ರಿಕೆಗಳಲ್ಲಿ ಅನುಮಾನ ಬಂದವುಗಳನ್ನು ಬೇರೆ ತೆಗೆದಿಡಬೇಕೆಂದು ತೀರ್ಮಾನವಾಯಿತು. ಹದಿಮೂರನ್ನು ನಾನೇ ತೆಗೆದಿಟ್ಟೆ. ಅವುಗಳಲ್ಲಿ ನಕ್ಷತ್ರಗಳಿದ್ದವು, ಎತ್ತುಗಳಿದ್ದವು, ಒಂದೇ ವಾಕ್ಯ ಆರು ಕಡೆ ಇತ್ತು. ಹದಿನಾಲ್ಕನೆಯದನ್ನು ಮುಖ್ಯಸ್ಥರು ತೆಗೆದಿಟ್ಟರು. ಭಾಗ್ಯನಗರದ ಒಬ್ಬ ವಿದ್ಯಾರ್ಥಿನಿಯದು ಅದು. ಅಚ್ಚುಕಟ್ಟಾದ ಅಕ್ಷರ, ಒಂದೂ ಚಿತ್ತುಕಾಟಿಲ್ಲದ ಪುಟಗಳು, ಪಠ್ಯಪುಸ್ತಕದಂಥ ಕನ್ನಡ.

"ಮೇಡಂರ, ಉರ್ದು ಮಾತಾಡೋ ಮನಿ ಹುಡುಗಿ ಈಕಿ," ಎಂದರು. "ನಮ್ಮ ಹುಡುಗ್ರ ನಾಕ ಸಾಲು ನೆಟ್ಟಗ ಬರಿಯಂಗಿಲ್ಲ. ಈಕಿಗೆ ಇಷ್ಟ ಛಲೋ ಕನ್ನಡ ಎಲ್ಲಿಂದ ಬಂತು?"

ಉತ್ತರ ಬಹಳ ಸರಳವಾಗಿತ್ತು. ಕನ್ನಡವನ್ನು ಬೀದಿಯಲ್ಲಿ ಕಲಿಯದೆ ಶಾಲೆಯಲ್ಲಿ, ಪುಸ್ತಕದಿಂದ ಕಲಿತವಳು ಪುಸ್ತಕದ ಕನ್ನಡವನ್ನೇ ಬರೆಯುತ್ತಾಳೆ. ಮುಖ್ಯಸ್ಥರ ಮಾತು ಅನುಮಾನವಲ್ಲ, ಪೂರ್ವಗ್ರಹ. ಆ ಪದವನ್ನು ನಾನು ಈಗ ಬರೆಯುತ್ತಿದ್ದೇನೆ. ಆಗ ಆ ಕೊಠಡಿಯಲ್ಲಿ ಬಳಸಲಿಲ್ಲ. ಪರೀಕ್ಷೆ ಮಾಡಿದರೆ ಸತ್ಯ ತಾನಾಗಿ ತಿಳಿಯುತ್ತದೆ ಎಂದುಕೊಂಡು ಸುಮ್ಮನಿದ್ದೆ.

ಆ ಪರೀಕ್ಷೆ ನಡೆದ ಕ್ರಮವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಅನ್ಯಾಯ ನಡೆದದ್ದು ಅಲ್ಲಿಯೇ. ಬರಹ ಯಂತ್ರದ್ದೋ ಮನುಷ್ಯರದ್ದೋ ಎಂದು ಹೇಳುವ ಒಂದು ಜಾಲತಾಣವನ್ನು ಕಂಪ್ಯೂಟರ್ ಉಪನ್ಯಾಸಕರು ಬಲ್ಲವರಾಗಿದ್ದರು. ಕೈಬರಹವನ್ನು ಅದಕ್ಕೆ ಕೊಡಲು ಬರುವುದಿಲ್ಲ. ಆದ್ದರಿಂದ ಅವರು ಪ್ರತಿ ಪತ್ರಿಕೆಯಿಂದ ಎರಡು ಪುಟಗಳನ್ನು ಮೊಬೈಲಿನ ಮುಂದೆ ಗಟ್ಟಿಯಾಗಿ ಓದಿದರು. ಮೊಬೈಲು ಕೇಳಿಸಿಕೊಂಡು ಟೈಪು ಮಾಡಿತು. ಜಾಲತಾಣಕ್ಕೆ ಕನ್ನಡ ಬರುವುದಿಲ್ಲ. ಆದ್ದರಿಂದ ಟೈಪಾದದ್ದನ್ನು ಅನುವಾದ ಮಾಡುವ ತಂತ್ರಾಂಶಕ್ಕೆ ಹಾಕಿ ಇಂಗ್ಲಿಷಿಗೆ ತಿರುಗಿಸಿದರು. ಆ ಇಂಗ್ಲಿಷನ್ನು ಜಾಲತಾಣದಲ್ಲಿ ಅಂಟಿಸಿದರು. ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಬಲಕ್ಕೆ ಓಡಿ ಬಹುತೇಕ ಕೊನೆಗೆ ಮುಟ್ಟಿ ನಿಂತಿತು. ಯಂತ್ರ ಬರೆದದ್ದು ಎಂದು ಅರ್ಥ. ಹದಿನಾಲ್ಕು ಬಾರಿಯೂ ಹಾಗೆಯೇ ಆಯಿತು.

ಪತ್ರಿಕೆಯೊಂದಕ್ಕೆ ಐದಾರು ನಿಮಿಷ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಆ ಎಂಟು ಪುಟಗಳನ್ನು ಓದಬಹುದಿತ್ತು.

ಮರುದಿನ ಹದಿನಾಲ್ಕು ಮಂದಿಯನ್ನೂ ಒಬ್ಬೊಬ್ಬರಾಗಿ ಕರೆಸಿದೆವು. ಹದಿಮೂರು ಮಂದಿ ಎರಡು ನಿಮಿಷದಲ್ಲಿ ಒಪ್ಪಿಕೊಂಡರು. ಅವರು ಒಪ್ಪಿಕೊಂಡದ್ದರಿಂದ ನಮ್ಮ ಪರೀಕ್ಷೆ ಸರಿಯಾಗಿದೆ ಎಂದಾಯಿತು. ಪರೀಕ್ಷೆ ಸರಿಯಾಗಿರುವುದರಿಂದ ಒಪ್ಪಿಕೊಳ್ಳದ ಹದಿನಾಲ್ಕನೆಯವಳು ಸುಳ್ಳು ಹೇಳುತ್ತಿದ್ದಾಳೆ ಎಂದಾಯಿತು. ಈ ತರ್ಕದಲ್ಲಿರುವ ತೂತು ನಮ್ಮ ಮೂವರು ಸ್ನಾತಕೋತ್ತರ ಪದವೀಧರರಿಗೆ ಕಾಣಲಿಲ್ಲ.

ಅವಳು ಬಾಗಿಲ ಬಳಿಯೇ ನಿಂತಿದ್ದಳು. ಕೂರಲು ಯಾರೂ ಹೇಳಲಿಲ್ಲ.

"ನಾನ ಬರದೀನ್ರಿ ಸರ್," ಎಂದಳು.

ಬರೆಯುವಾಗ ಮೊಬೈಲು ಮುಟ್ಟಲೇ ಇಲ್ಲವೇ ಎಂದು ಮುಖ್ಯಸ್ಥರು ಕೇಳಿದರು. ಇಲ್ಲ ಎಂದಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತೇನೋ.

"ಒಮ್ಮೆ ಮುಟ್ಟೀನ್ರಿ. ನಮ್ಮ ಅಮ್ಮಿ ಉರ್ದುದಾಗ ಹೇಳೋ ಒಂದು ಮಾತಿಗೆ ಕನ್ನಡದಾಗ ಏನಂತಾರ ಅಂತ ಕೇಳಿದ್ನಿ. ಅದು 'ಸಿಕ್ಕು' ಅಂತ ಹೇಳ್ತು. ಅಷ್ಟರಿ." ತನ್ನ ಹಾಳೆಗಳ ಕಡೆ ಕೈ ತೋರಿಸಿದಳು. "ಪತ್ರಿಕಿ ನಿಮ್ಮ ಕೈಯಾಗ ಐತಿ. ಯಾವ ಸಾಲು ಬೇಕಾದ್ರೂ ಕೇಳ್ರಿ ಸರ್. ಅದರ ಹಿಂದಿಂದು ಮುಂದಿಂದು ಎಲ್ಲಾ ಹೇಳ್ತೀನಿ."

ಹಾಗೆ ಮೌಖಿಕವಾಗಿ ಕೇಳುವ ನಿಯಮ ಅಸೈನ್‌ಮೆಂಟಿಗೆ ಇಲ್ಲ ಎಂದು ಮುಖ್ಯಸ್ಥರು ಹೇಳಿದರು. ಅನುವಾದ ಮಾಡಿ ಕೆಂಪು ಪಟ್ಟಿ ನೋಡುವ ನಿಯಮವೂ ಇರಲಿಲ್ಲ. ನಡಾವಳಿಯಲ್ಲಿ ನಾನು ಬರೆದ ವಾಕ್ಯ ಇದು: 'ಸದರಿ ವಿದ್ಯಾರ್ಥಿನಿಯು ಮೊಬೈಲ್ ಸಾಧನದ ಬಳಕೆಯನ್ನು ಒಪ್ಪಿಕೊಂಡಿರುತ್ತಾರೆ.' ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಇಷ್ಟು ವರ್ಷ ಬರೆದ ವಾಕ್ಯಗಳಲ್ಲಿ ಇದಕ್ಕಿಂತ ಅಪ್ರಾಮಾಣಿಕವಾದದ್ದು ನನಗೆ ನೆನಪಿಲ್ಲ.

ಕ್ಷಮಾಪಣೆ ಪತ್ರ ಕೊಟ್ಟವರಿಗೆ ಇಪ್ಪತ್ತಕ್ಕೆ ಹನ್ನೆರಡು ಅಂಕ, ಕೊಡದವರಿಗೆ ಸೊನ್ನೆ ಎಂದು ತೀರ್ಮಾನಿಸಿ, ಹದಿನಾಲ್ಕೂ ಹೆಸರುಗಳನ್ನು ಮೂರನೆಯ ಪೀರಿಯಡ್ಡಿನಲ್ಲಿ ತರಗತಿಯ ಮುಂದೆ ಓದಿದೆವು. ಓದಿದವಳು ನಾನು. ಹದಿಮೂರು ಪತ್ರಗಳು ಮಧ್ಯಾಹ್ನದೊಳಗೆ ಬಂದವು. ಏಳು ಪತ್ರಗಳು ಅಕ್ಷರಶಃ ಒಂದೇ ಆಗಿದ್ದವು: 'ನನ್ನ ಕೃತ್ಯದಿಂದ ಉಂಟಾದ ಅನನುಕೂಲತೆಗಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತೇನೆ.' ಒಂದು ಪತ್ರದ ಕೊನೆಯಲ್ಲಿ, ಸಹಿಯ ಜಾಗದಲ್ಲಿ, ಚೌಕದ ಆವರಣದೊಳಗೆ 'ನಿಮ್ಮ ಹೆಸರು' ಎಂದು ಬರೆದಿತ್ತು. ಯಂತ್ರದಿಂದ ಬರೆಸಿದ್ದಕ್ಕೆ ಕ್ಷಮೆ ಕೇಳುವ ಪತ್ರವನ್ನೂ ಯಂತ್ರದಿಂದಲೇ ಬರೆಸಿದ್ದರು. ಅದನ್ನು ಮುಖ್ಯಸ್ಥರಿಗೆ ತೋರಿಸಿದೆ. "ಪತ್ರ ಬಂತಲ್ರಿ, ಫೈಲಿಗೆ ಹಾಕ್ರಿ," ಎಂದರು. ಹಾಕಿದೆ.

ಅವಳು ಪತ್ರ ಕೊಡಲಿಲ್ಲ. ಶಿಕ್ಷಕ ತರಬೇತಿಗೆ ಅರ್ಜಿ ಹಾಕಲು ಅವಳಿಗೆ ಒಳ್ಳೆಯ ಸರಾಸರಿ ಬೇಕಿತ್ತು. ಈ ಸೊನ್ನೆ ಅದನ್ನು ಕೆಳಗೆ ಎಳೆಯುತ್ತಿತ್ತು. ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಲು ನಾಲ್ಕು ದಿನ ಉಳಿದಿದ್ದವು. ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ, ಎರಡು ಸಾಲು ಬರೆದುಕೊಡು, ಹನ್ನೆರಡಾದರೂ ಬರುತ್ತದೆ ಎಂದು ಬುದ್ಧಿ ಹೇಳಿದೆ.

"ಮಾಡದ ತಪ್ಪಿಗೆ ತಪ್ಪಾತು ಅಂತ ಬರದ್ರ, ಅದು ಸುಳ್ಳು ಆಗಂಗಿಲ್ಲೇನ್ರಿ ಮೇಡಂ?" ಎಂದು ಕೇಳಿದಳು. ನಂತರ ತರಗತಿಗೆ ಹೋದಳು.

ಆ ದಿನ ಮೊದಲ ಬಾರಿಗೆ ಅವಳ ಪತ್ರಿಕೆಯನ್ನು ಪೂರ್ತಿ ಓದಿದೆ. ಅವಳ ತಾಯಿ ಭಾಗ್ಯನಗರದಲ್ಲಿ ಕೂದಲಿನ ಕೆಲಸ ಮಾಡುತ್ತಾರೆ. ಊರೂರುಗಳಿಂದ ಚೀಲಗಳಲ್ಲಿ ಬರುವ ಕೂದಲಿನ ಉಂಡೆಗಳನ್ನು ಸೂಜಿಯಿಂದ ಬಿಡಿಸಿ, ಕಪ್ಪು ಬೇರೆ ಬಿಳಿ ಬೇರೆ ಮಾಡಿ, ಉದ್ದದ ಪ್ರಕಾರ ಜೋಡಿಸುವ ಕೆಲಸ. 'ನಮ್ಮ ಮನೆಯಲ್ಲಿ ಫ್ಯಾನ್ ಇದೆ. ಬೇಸಿಗೆಯಲ್ಲಿಯೂ ಹಗಲು ಹೊತ್ತು ಅದನ್ನು ಹಾಕುವುದಿಲ್ಲ, ಏಕೆಂದರೆ ಕೂದಲು ಹಾರುತ್ತದೆ' ಎಂದು ಎರಡನೆಯ ಪುಟದಲ್ಲಿತ್ತು. 'ಕಾಯಿಲೆ ಬಿದ್ದವರ ಕೂದಲು ಎಳೆದರೆ ತುಂಡಾಗುತ್ತದೆ. ಅಂಥದ್ದು ಕೈಗೆ ಬಂದಾಗ ಅಮ್ಮ ಸ್ವಲ್ಪ ನಿಧಾನ ಮಾಡುತ್ತಾರೆ' ಎಂದು ಐದನೆಯ ಪುಟದಲ್ಲಿತ್ತು. ಇದು ಯಾರು ಬರೆದದ್ದು ಎಂದು ತಿಳಿಯಲು ಯಾವ ಜಾಲತಾಣವೂ ಬೇಕಿರಲಿಲ್ಲ.

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಫ್ಯಾನ್ ನಿಂತಿತ್ತು. ಅವಳ ತಾಯಿ ಚೀಲದ ಪಕ್ಕದಲ್ಲಿ ಕೂತು ಸೂಜಿ ಹಿಡಿದಿದ್ದರು. ನಾನು ಯಾರೆಂದು ಹೇಳಿದ ಮೇಲೆ ಎದ್ದು ಚಾಪೆ ಹಾಸಿದರು, ಚಹಾಕ್ಕೆ ನೀರಿಟ್ಟರು. ದೂರು ಹೇಳಲಿಲ್ಲ.

"ಎರಡ ದಿನ ನನ್ನ ಬಾಜೂಕ ಕುಂತು ಬರದಾಳ್ರಿ ಮೇಡಂ," ಎಂದರು. "ಅಮ್ಮಿ, ಬೆನ್ನ ಎಲ್ಲಿ ನೋಯ್ತೈತಿ, ಯಾವಾಗಿಂದ ನೋಯ್ತೈತಿ ಅಂತ ಕೇಳಿ ಕೇಳಿ ಬರದಾಳ. ನನಗ ಇಷ್ಟ ವರ್ಷದಾಗ ಯಾರೂ ಹಂಗ ಕೇಳಿದ್ದಿಲ್ಲ." ನಂತರ ಸೂಜಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ಬರದದ್ದು ತಪ್ಪಾತೇನ್ರಿ?"

ಇಲ್ಲ ಎಂದೆ. ಚಹಾ ಕುಡಿದೆ.

ಪೋರ್ಟಲ್‌ಗೆ ಎರಡು ದಿನ ಉಳಿದಿದ್ದವು. ನನ್ನ ಎಂ.ಎ. ದಿನಗಳ ಟಿಪ್ಪಣಿ ಪುಸ್ತಕ ಮನೆಯಲ್ಲಿತ್ತು. ಇಂಥ ಯಂತ್ರಗಳು ಯಾರ ಕೈಗೂ ಬಾರದಿದ್ದ ಕಾಲದಲ್ಲಿ, ಕುಷ್ಟಗಿಯ ಗ್ರಂಥಾಲಯದಲ್ಲಿ ಕೂತು ಬರೆದದ್ದು. ಅದನ್ನು ಕಂಪ್ಯೂಟರ್ ಉಪನ್ಯಾಸಕರ ಮುಂದಿಟ್ಟು, ಅದೇ ಕ್ರಮದಲ್ಲಿ ಪರೀಕ್ಷಿಸಬೇಕೆಂದು ಕೇಳಿಕೊಂಡೆ. ಅವರು ಗಟ್ಟಿಯಾಗಿ ಓದಿದರು, ಮೊಬೈಲು ಟೈಪು ಮಾಡಿತು, ತಂತ್ರಾಂಶ ಅನುವಾದಿಸಿತು. ಕೆಂಪು ಪಟ್ಟಿ ಬಲಕ್ಕೆ ಓಡಿ ಕೊನೆಯ ಬಳಿ ನಿಂತಿತು.

ನಂತರ ಅನುಮಾನ ಬಾರದ ಇಪ್ಪತ್ತೆಂಟು ಪತ್ರಿಕೆಗಳಲ್ಲಿ ಒಂದನ್ನು ಕೊಟ್ಟೆ. ಶ್ರೀರಾಮನಗರದ ಹುಡುಗನೊಬ್ಬ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಸಾಲಿಗೆರಡು ತಪ್ಪು ಮಾಡಿ, ಭತ್ತದ ಗದ್ದೆಗೆ ಕಾಲುವೆ ನೀರು ಬಿಡುವ ತನ್ನ ಅಣ್ಣನ ಬಗ್ಗೆ ಬರೆದಿದ್ದ. ಅನುವಾದವಾಗಿ ಹೊರಬಂದಾಗ ಅದರಲ್ಲಿ ಒಂದೂ ತಪ್ಪಿರಲಿಲ್ಲ. ಕೆಂಪು ಪಟ್ಟಿ ಮತ್ತೆ ಕೊನೆಗೆ ಹೋಯಿತು.

ಕಂಪ್ಯೂಟರ್ ಉಪನ್ಯಾಸಕರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಅವರಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ಒಂದು ಪದದ ಮುಂದೆ ಯಾವ ಪದ ಬರಬಹುದೆಂದು ಸುಲಭವಾಗಿ ಊಹಿಸಲು ಬಂದಷ್ಟೂ ಆ ಜಾಲತಾಣ ಬರಹವನ್ನು ಯಂತ್ರದ್ದೆಂದು ಎಣಿಸುತ್ತದೆ. ಅನುವಾದದ ತಂತ್ರಾಂಶವಾದರೋ, ಬರೆದವರ ಅಂಕುಡೊಂಕುಗಳನ್ನೆಲ್ಲ ನಯಗೊಳಿಸಿ ಎಲ್ಲರೂ ನಿರೀಕ್ಷಿಸುವ ಪದಗಳನ್ನೇ ಜೋಡಿಸುತ್ತದೆ. ನಾವು ಹದಿನಾಲ್ಕು ಬಾರಿಯೂ ಪರೀಕ್ಷಿಸಿದ್ದು ವಿದ್ಯಾರ್ಥಿಗಳ ಬರಹವನ್ನಲ್ಲ, ಅನುವಾದದ ಯಂತ್ರದ ಬರಹವನ್ನು. ಅದು ಯಂತ್ರದ್ದೆಂದು ಜಾಲತಾಣ ಹೇಳಿದ್ದು ಸರಿಯಾಗಿಯೇ ಇತ್ತು.

"ನಾವ ಯಂತ್ರದ ಕಡಿಂದ ಬರಿಸಿ, ಆ ಹುಡುಗಿಗೆ ಯಂತ್ರದ ಕಡಿಂದ ಬರಿಸೀದಿ ಅಂದ್ವಿ," ಎಂದರು ಅವರು.

ಆ ಸಂಜೆಯೇ ನನ್ನ ಸಹಿಯನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದೆ. ಪುಟ ಎಣಿಸಿ ಅಂಕ ಹಾಕಿದ್ದು, ಪೂರ್ವಗ್ರಹದ ಮಾತಿಗೆ ಸುಮ್ಮನಿದ್ದದ್ದು, ಪತ್ರಿಕೆ ಓದದೆ ತೀರ್ಪು ಕೊಟ್ಟದ್ದು, ಅವಳ ಪ್ರಾಮಾಣಿಕ ಉತ್ತರವನ್ನು ತಪ್ಪೊಪ್ಪಿಗೆಯಾಗಿ ದಾಖಲಿಸಿದ್ದು, ಎಲ್ಲವನ್ನೂ ಬರೆದು, ಎರಡು ಪರೀಕ್ಷೆಗಳ ಫಲಿತಾಂಶವನ್ನು ಲಗತ್ತಿಸಿ ಮುಖ್ಯಸ್ಥರಿಗೆ ಕೊಟ್ಟೆ. ಅವರು ಓದಿದರು. ಅಂಕಗಳನ್ನು ಬೆಳಿಗ್ಗೆಯೇ ಏರಿಸಿ ಪೋರ್ಟಲ್ ಮುಚ್ಚಿಯಾಗಿದೆ ಎಂದರು. ಇನ್ನೂ ಎರಡು ದಿನ ಇತ್ತಲ್ಲ ಎಂದೆ. ಕೊನೆಯ ದಿನ ಸರ್ವರ್ ನಿಧಾನವಾಗುತ್ತದೆ, ಅದಕ್ಕೆ ಮೊದಲೇ ಮುಗಿಸಿದೆವು ಎಂದರು. "ಒಂದ ಹುಡುಗಿ ಸಲುವಾಗಿ ಇಡೀ ವಿಭಾಗದ ಮರ್ಯಾದಿ ತೆಗೀತೀರೇನು ಮೇಡಂರ? ನೀವೂ ಅದರಾಗ ಸಹಿ ಮಾಡೀರಿ." ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಲು ನಿರಾಕರಿಸಿದರು. ಅಂಚೆಯಲ್ಲಿ ಪ್ರಾಂಶುಪಾಲರಿಗೂ ವಿಶ್ವವಿದ್ಯಾಲಯಕ್ಕೂ ಕಳುಹಿಸಿದೆ. ಉತ್ತರ ಬಂದಿಲ್ಲ.

ಆರನೆಯ ಸೆಮಿಸ್ಟರಿನ ಅಸೈನ್‌ಮೆಂಟುಗಳು ಕಳೆದ ವಾರ ಬಂದವು. ಅವಳದೂ ಬಂತು. ಮೊದಲ ಪುಟದಲ್ಲಿಯೇ ನಾಲ್ಕು ಕಾಟುಗಳು, ವಾಕ್ಯಗಳು ಅರ್ಧಕ್ಕೆ ನಿಂತಿದ್ದವು, ಹೇಳಬೇಕಾದದ್ದು ಎಲ್ಲಿಯೂ ಇರಲಿಲ್ಲ. ಅವಳನ್ನು ಕರೆದು ಏನಾಯಿತೆಂದು ಕೇಳಿದೆ.

"ಬೇಕಂತ ಹಂಗ ಬರದೀನ್ರಿ ಮೇಡಂ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನ ಯಾರೂ ಅನುಮಾನ ಪಡಂಗಿಲ್ಲ."

ಈ ಬಾರಿ ಅಂಕ ಹಾಕುವ ಮುಖ್ಯಸ್ಥರು ಅದಕ್ಕೆ ಇಪ್ಪತ್ತಕ್ಕೆ ಹದಿನಾಲ್ಕು ಹಾಕಿದ್ದಾರೆ.

ವಿಭಾಗದ ಮುಖ್ಯಸ್ಥರೇ, ಪ್ರಾಂಶುಪಾಲರೇ, ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರೇ, ಇದು ನಿಮಗೆ. ಐದನೆಯ ಸೆಮಿಸ್ಟರಿನ ಆ ಪತ್ರಿಕೆಯ ಅಂಕವನ್ನು ತಿದ್ದಲು ಪೋರ್ಟಲ್ ತೆರೆಯಿರಿ. ವಿದ್ಯಾರ್ಥಿಯ ಅಂಕ ತಪ್ಪಾಗಿ ನಮೂದಾದಾಗ ತೆರೆಯಲು ನಿಮಗೆ ಅಧಿಕಾರವಿದೆ, ಹಿಂದೆ ತೆರೆದಿದ್ದೀರಿ. ಈ ಕಾಲೇಜಿಗೆ ಸಂಬಂಧವಿಲ್ಲದ ಒಬ್ಬ ಅಧ್ಯಾಪಕರಿಂದ ಆ ಎಂಟು ಪುಟಗಳನ್ನು ಓದಿಸಿ, ಬರೆದವಳನ್ನು ಎದುರು ಕೂರಿಸಿ ಅವಳು ಕೇಳಿಕೊಂಡಂತೆ ಪ್ರಶ್ನೆ ಕೇಳಿಸಿ, ಅಂಕ ಹಾಕಿಸಿರಿ. ಅನುವಾದ ಮಾಡಿ ಪರೀಕ್ಷಿಸುವ ಕ್ರಮವನ್ನು ಲಿಖಿತ ಆದೇಶದಿಂದ ನಿಲ್ಲಿಸಿರಿ. ನಡಾವಳಿ ರದ್ದಾಯಿತೆಂದು ಅವಳ ತರಗತಿಯ ಮುಂದೆ, ಸಹಿ ಮಾಡಿದ ನಮ್ಮ ಮೂವರ ಹೆಸರು ಹಿಡಿದು ಓದಿಸಿರಿ. ಓದಲು ನಾನು ಸಿದ್ಧಳಿದ್ದೇನೆ. ಶಿಕ್ಷಕ ತರಬೇತಿಯ ಅರ್ಜಿಗೆ ಇನ್ನೂ ಹನ್ನೊಂದು ದಿನ ಉಳಿದಿವೆ. ಅಷ್ಟರೊಳಗೆ ಮಾಡಿರಿ.